ಅಪ್ಪನ ಫೋಟೋದಲ್ಲಿ ತಾರೀಖು ಎಲ್ಲಿ?

ನಮ್ಮ ಕಾಫಿ ತೋಟ ಕೊಡಗಿನ ಸುಂಟಿಕೊಪ್ಪದ ಹತ್ತಿರ. ಮಳೆಗಾಲದಲ್ಲಿ, ಅದರಲ್ಲೂ ಕಕ್ಕಡ ತಿಂಗಳಲ್ಲಿ, ತೋಟಕ್ಕೆ ಇಳಿಯೋಕೇ ಆಗಲ್ಲ. ಆ ಹೊತ್ತಿಗೆ ಅಂತ ನನ್ನ ತಮ್ಮ ತನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಸ್ಟಾರ್ಡ್ಯೂ ವ್ಯಾಲಿ ಹಾಕಿಕೊಟ್ಟು ಹೋದ. 2016ರಲ್ಲಿ ಬಂದ ಆಟ, ಹಾಳುಬಿದ್ದ ಜಮೀನೊಂದನ್ನು ಸರಿಮಾಡಿ ಬೆಳೆ ಬೆಳೆಯೋದು ಕೆಲಸ. ಅಪ್ಪನಿಗೆ ಹಿಡಿಸಿತು. ಆದರೆ ಆಟದಲ್ಲಿ ಕನ್ನಡ ಇಲ್ಲ, ಇರೋದೆಲ್ಲ ಇಂಗ್ಲಿಷ್ ಬರಹ, ಅದೂ ಚುಕ್ಕಿ ಚುಕ್ಕಿ ಅಕ್ಷರದಲ್ಲಿ. ಲ್ಯಾಪ್‌ಟಾಪ್‌ಗೆ ನೆಟ್ ಇಲ್ಲ, ಫೋನಿಗೆ ಸಿಗ್ನಲ್ ಸಿಗೋದು ಜಗಲಿಯಲ್ಲಿ ಮಾತ್ರ. ಹಾಗಾಗಿ ಅಪ್ಪ ಸ್ಕ್ರೀನಿನ ಫೋಟೋ ತೆಗೀತಾರೆ, ಜಗಲಿಗೆ ಬಂದು ಕುಶಾಲನಗರದಲ್ಲಿರೋ ನನಗೆ ಕಳಿಸ್ತಾರೆ, "ಇದೇನು ಬರೆದಿದೆ ನೋಡು" ಅಂತಾರೆ. ನಾನು ವಾಯ್ಸ್ ಮೆಸೇಜ್‌ನಲ್ಲಿ ಹೇಳ್ತೀನಿ.

ಮೊದಲ ತೊಂದರೆ ಫೋಟೋದ್ದೇ. ಈ ಆಟದಲ್ಲಿ ಒಂದು ವಸ್ತುವಿನ ವಿವರ ಬೇಕಂದ್ರೆ ಮೌಸ್ ಬಾಣವನ್ನು ಅದರ ಮೇಲೆ ತಂದು ನಿಲ್ಲಿಸಬೇಕು, ಆಗ ಪಕ್ಕದಲ್ಲಿ ಒಂದು ಚೌಕ ಬರುತ್ತೆ. ಬಾಣ ಸ್ವಲ್ಪ ಸರಿದರೂ ಚೌಕ ಮಾಯ. ಅಪ್ಪ ಎರಡೂ ಕೈಯಲ್ಲಿ ಫೋನ್ ಹಿಡಿಯೋಕೆ ಹೋಗಿ ಮೌಸಿಗೆ ತಾಗಿಸ್ತಿದ್ರು, ನನಗೆ ಬರೋದು ಬರೀ ಚಿತ್ರಗಳ ಸಾಲು. ಬಾಣ ನಿಲ್ಲಿಸಿದ ಮೇಲೆ ಮೌಸಿನಿಂದ ಕೈ ಪೂರ್ತಿ ತೆಗೆದು, ಮೇಜನ್ನೂ ಅಲ್ಲಾಡಿಸದೆ, ಒಂದು ಮಾರು ದೂರ ನಿಂತು ಜೂಮ್ ಮಾಡಿ ತೆಗೀರಿ ಅಂದೆ. ತೀರಾ ಹತ್ತಿರ ಹಿಡಿದರೆ ಸ್ಕ್ರೀನಿನ ಮೇಲೆ ಅಲೆ ಅಲೆಯಾಗಿ ಗೆರೆ ಮೂಡುತ್ತೆ, 3 ಯಾವುದು 8 ಯಾವುದು ಗೊತ್ತಾಗಲ್ಲ. ಹಿಂದಿನ ಲೈಟ್ ಆರಿಸಬೇಕು ಅನ್ನೋದನ್ನ ಅಮ್ಮನೇ ಕಂಡುಹಿಡಿದರು, ಅವರ ಕಾಟನ್ ಸೀರೆಯ ನೆರಳು ಸ್ಕ್ರೀನಿನಲ್ಲಿ ಕಾಣ್ತಿತ್ತಂತೆ.

ಇದಕ್ಕಿಂತ ಮುಖ್ಯವಾದ್ದು ಎರಡನೇ ಫೋಟೋ. ವಿವರದ ಚೌಕದ್ದು ಒಂದು, ಮೆನು ಮುಚ್ಚಿ ಇಡೀ ಸ್ಕ್ರೀನಿನದ್ದು ಇನ್ನೊಂದು, ಹೀಗೆ ಎರಡು ಬೇಕು ಅಂತ ನಾನು ಹಟ ಹಿಡೀತೀನಿ. ಇಡೀ ಸ್ಕ್ರೀನಿನ ಬಲಗಡೆ ಮೇಲಿನ ಮೂಲೆಯಲ್ಲಿ ತಾರೀಖು, ಗಂಟೆ, ಕೈಯಲ್ಲಿರೋ ಹಣ ಎಲ್ಲ ಇರುತ್ತೆ. ಈ ಆಟದಲ್ಲಿ ವರ್ಷಕ್ಕೆ ನಾಲ್ಕು ಕಾಲ, ಒಂದೊಂದಕ್ಕೂ 28 ದಿನ. ಆದರೆ ಮೂಲೆಯಲ್ಲಿ ಕಾಲದ ಹೆಸರು ಬರೆದಿರಲ್ಲ, ವಾರ ಮತ್ತು ತಾರೀಖು ಮಾತ್ರ, ಕಾಲಕ್ಕೆ ಒಂದು ಪುಟ್ಟ ಚಿತ್ರ ಅಷ್ಟೆ. ಆ ಚಿತ್ರದ ಮೇಲೆ ಬೆಳಕು ಹೊಳೆದರೆ ಉಳಿದಿದ್ದನ್ನೆಲ್ಲ ಓದಿದರೂ ಪ್ರಯೋಜನ ಇಲ್ಲ. ಯಾಕೆ ಅಂತ ಒಂದು ಉದಾಹರಣೆ ಇಟ್ಟುಕೊಂಡೇ ಹೇಳ್ತೀನಿ.

ಒಂದು ದಿನ ಅಂಗಡಿಯ ಸ್ಕ್ರೀನಿನ ಫೋಟೋ ಬಂತು. ಜೊತೆಗೆ ಅಪ್ಪನ ದನಿ: "ಒಂದೇ ಒಂದು ಕಾಫಿ ಬೀಜಕ್ಕೆ ಎರಡೂವರೆ ಸಾವಿರ ಅಂತೆ, ಇವನು ಯಾವ ಊರಿನ ಸಾಹುಕಾರ?" ಅದು ಊರ ಅಂಗಡಿ ಅಲ್ಲ, ಶುಕ್ರವಾರ ಮತ್ತು ಭಾನುವಾರ ಕಾಡಿನ ಹತ್ತಿರ ಬರೋ ಗಾಡಿ ವ್ಯಾಪಾರಿಯದ್ದು. ಸಾಲಿನ ಬಲ ತುದಿಯಲ್ಲಿ 2,500 ಅಂತ ಇತ್ತು. ವಿವರದ ಚೌಕದಲ್ಲಿ ಇದ್ದಿದ್ದು ಎರಡೇ ವಾಕ್ಯ:

```
Plant in spring or summer to grow a coffee plant.
Place five beans in a keg to make coffee.
```

ನಾನು ಇಂಥದ್ದನ್ನ ಬರೆದಿರೋ ಸಾಲಿನಲ್ಲೇ ಓದಿ ಹೇಳಲ್ಲ. ಹಾಗೆ ಹೇಳಿದರೆ ಅಪ್ಪ ಎಲ್ಲ ಕೇಳಿ ಕೊನೆಗೆ "ಸರಿ, ಈಗ ತಗೊಳ್ಳಲೋ ಬೇಡವೋ?" ಅಂತಾರೆ. ಹಾಗಾಗಿ ಮೊದಲು ಈಗ ಏನು ಮಾಡಬೇಕು ಅನ್ನೋದು, ಆಮೇಲೆ ಅದಕ್ಕೆ ಚೌಕದಲ್ಲಿ ಏನು ಬರೆದಿದೆ ಅನ್ನೋದು, ಕೊನೆಗೆ ಬರೆಯದೇ ಬಿಟ್ಟಿದ್ದು ಏನು ಅನ್ನೋದು. ಈ ಮೂರನ್ನೂ ಬೇರೆ ಬೇರೆ ಮೆಸೇಜ್ ಮಾಡ್ತೀನಿ, ಯಾಕಂದ್ರೆ ಅಪ್ಪ ಮೊದಲನೆಯದನ್ನ ಮತ್ತೆ ಮತ್ತೆ ಹಾಕಿ ಕೇಳ್ತಾರೆ.

ಬರೆದಿದ್ದರಲ್ಲಿ ಮೊದಲ ವಾಕ್ಯ ಯಾವ ಕಾಲದಲ್ಲಿ ನೆಡಬೇಕು ಅಂತ ಹೇಳುತ್ತೆ. ಕಾಲಗಳಿಗೆ ನಾನು ವಸಂತ, ಬೇಸಿಗೆ ಅಂತ ಹೇಳಲ್ಲ. ಆಟದ ಎರಡನೇ ಕಾಲದಲ್ಲಿ ಮಳೆಯೂ ಬರುತ್ತೆ, ಗುಡುಗೂ ಬರುತ್ತೆ, ಅಪ್ಪನ ತಲೆಯಲ್ಲಿ ಬೇಸಿಗೆ ಅಂದ್ರೆ ಹೂಮಳೆಗೆ ಆಕಾಶ ನೋಡ್ತಾ ಕೂರೋ ಮಾರ್ಚ್ ತಿಂಗಳು. ಒಂದನೇ ಕಾಲ, ಎರಡನೇ ಕಾಲ ಅಂದರೆ ಗೊಂದಲವೇ ಇಲ್ಲ. ಜಾಸ್ತಿ ಬೆಳೆಗಳು ಒಂದೇ ಕಾಲದವು, ಕಾಲ ಮುಗಿದ ರಾತ್ರಿಯೇ ಒಣಗಿಹೋಗುತ್ತವೆ. ಕಾಫಿ ಹಾಗಲ್ಲ, ಒಂದನೇ ಕಾಲದಲ್ಲಿ ನೆಟ್ಟಿದ್ದು ಎರಡನೇದರಲ್ಲೂ ನಿಂತಿರುತ್ತೆ, ಮೂರನೇದು ಶುರುವಾದಾಗ ಸಾಯುತ್ತೆ.

ಎರಡನೇ ವಾಕ್ಯ: ಐದು ಬೀಜವನ್ನು ಕೆಗ್ ಅನ್ನೋದಕ್ಕೆ ಹಾಕಿದರೆ ಒಂದು ಕಾಫಿ. "ಮರದ ಪೀಪಾಯಿ ಥರ ಇರುತ್ತೆ ಅಪ್ಪ, ನೀವೇ ಮಾಡಿಕೊಳ್ಳಬೇಕು" ಅಂದೆ. ಅಪ್ಪನ ಪ್ರಶ್ನೆ ಬೇರೆಯೇ ಇತ್ತು. ಆ ಬೀಜ ಹಣ್ಣನ್ನ ಹಾಗೇ ಒಣಗಿಸೋ ಚೆರ್ರಿಯೋ, ಸಿಪ್ಪೆ ಸುಲಿದ ಪಾರ್ಚ್‌ಮೆಂಟೋ, ಕಣದಲ್ಲಿ ಎಷ್ಟು ದಿನ ಒಣಗಿಸಬೇಕು, ಹುರಿಯೋದು ಎಲ್ಲಿ. ಏನೂ ಇಲ್ಲ ಅಪ್ಪ, ಕೊಯ್ದಿದ್ದನ್ನು ಹಾಗೇ ಹಾಕೋದು, ಆಟದ ಎರಡು ಗಂಟೆಯಲ್ಲಿ ಕಾಫಿ ರೆಡಿ ಅಂದೆ. ತೋಟದವರಿಗೆ ಈ ಆಟ ವಿವರಿಸೋದರಲ್ಲಿ ಅರ್ಧ ಕೆಲಸ ಇದೇ, ಇಲ್ಲದೇ ಇರೋ ಕೆಲಸಗಳನ್ನು ಇಲ್ಲ ಅಂತ ಹೇಳೋದು.

ಈಗ ಬರೆಯದೇ ಇರೋದು. ಬೇರೆ ಬೀಜದ ಪೊಟ್ಟಣಗಳ ಮೇಲೆ ಎಷ್ಟು ದಿನಕ್ಕೆ ಬಲಿಯುತ್ತೆ ಅಂತ ಇರುತ್ತೆ. ಮೊದಲ ದಿನವೇ ಕೈಗೆ ಸಿಗೋ ಪಾರ್ಸ್ನಿಪ್ ಬೀಜದಲ್ಲಿ ನಾಲ್ಕು ದಿನ ಅಂತ ಸ್ಪಷ್ಟವಾಗಿದೆ. ಅಪ್ಪ ಆ ಅಂಕಿಯನ್ನ ನೋಡಿ ನೋಡಿ ತಾವೇ ಗುರುತಿಸೋಕೆ ಕಲಿತಿದ್ದರು, ಆದ್ದರಿಂದ ಇಲ್ಲಿ ಅಂಕಿ ಇಲ್ಲದ್ದು ನೋಡಿ ಬೇಗ ಬರಬಹುದು ಅಂದುಕೊಂಡಿದ್ದರು. ಕಾಫಿಗೆ ಹತ್ತು ದಿನ ಬೇಕು, ಅದೂ ದಿನಾ ನೀರು ಬಿದ್ದರೆ. ನೀರು ತಪ್ಪಿದ ದಿನ ಗಿಡ ಬೆಳೆಯಲ್ಲ, ಅಷ್ಟು ದಿನ ಕೊಯ್ಲು ಮುಂದಕ್ಕೆ ಹೋಗುತ್ತೆ. ಮಳೆ ಬಂದ ದಿನ ಕೊಡೋದು ಬೇಡ. "ಹತ್ತು ದಿನಕ್ಕಾ? ನಮ್ಮ ರೋಬಸ್ಟಾ ಮೂರು ನಾಲ್ಕು ವರ್ಷ ಕಾಯಿಸುತ್ತೆ" ಅಂತ ಅಪ್ಪ ನಕ್ಕರು.

ಈಗ ಎರಡನೇ ಫೋಟೋ. ಮೂಲೆಯಲ್ಲಿ ಶುಕ್ರವಾರ 19, ಚಿತ್ರ ಎರಡನೇ ಕಾಲದ್ದು. ಬೆರಳು ಮಡಚಿ ಎಣಿಸಿದರೆ ಸಾಕು. 19ಕ್ಕೆ ನೆಟ್ಟರೆ ಹತ್ತು ದಿನಕ್ಕೆ 29, ಆದರೆ ಕಾಲ 28ಕ್ಕೇ ಮುಗಿಯುತ್ತೆ. ಒಂದು ಕಾಳೂ ಕೈಗೆ ಬರೋ ಮುಂಚೆ ಗಿಡ ಸತ್ತಿರುತ್ತೆ. ಚೌಕದಲ್ಲಿ ಈ ಕಾಲದಲ್ಲಿ ನೆಡಬಹುದು ಅಂತಾನೇ ಬರೆದಿದೆ, ಸುಳ್ಳೇನಲ್ಲ, ಆಟ ನೆಡೋಕೆ ಬಿಡುತ್ತೆ ಕೂಡ. ಇದನ್ನೇ ಅಪ್ಪನಿಗೆ ಬಿಡಿಸಿ ಹೇಳಬೇಕಾಗಿತ್ತು. ನನ್ನ ಮೊದಲ ಮೆಸೇಜ್ ಇಷ್ಟೇ: "ತಗೊಂಡರೆ ತಗೊಳ್ಳಿ, ಆದರೆ ಈಗ ನೆಡಬೇಡಿ. ಪೆಟ್ಟಿಗೆಯಲ್ಲಿಡಿ, ಬೀಜ ಕೆಡಲ್ಲ. ಮುಂದಿನ ವರ್ಷ ಒಂದನೇ ಕಾಲದ ಒಂದನೇ ತಾರೀಖು ನೆಡಿ."

ಅಪ್ಪ ಸುಮ್ಮನಿರೋರಲ್ಲ. ಪೆಟ್ಟಿಗೆಯಲ್ಲಿದ್ದ ಗೊಬ್ಬರದ ಫೋಟೋ ಬಂತು, ಹೆಸರು Speed-Gro. ಬೆಳವಣಿಗೆ ಕಡಿಮೆ ಅಂದ್ರೂ ನೂರಕ್ಕೆ ಹತ್ತು ಪಾಲು ಚುರುಕಾಗುತ್ತೆ, ಉತ್ತ ಮಣ್ಣಿಗೆ ಬೆರೆಸಿ ಅಂತ ಅದರ ಚೌಕದಲ್ಲಿದೆ. ನೂರಕ್ಕೆ ಹತ್ತು ಅಂದರೆ ಅಪ್ಪನಿಗೆ ಫಸಲು ಜಾಸ್ತಿ ಅಂತ ಅನಿಸುತ್ತೆ, ನಮ್ಮಲ್ಲಿ ಗೊಬ್ಬರದ ಲೆಕ್ಕ ಹಾಗೇ ಅಲ್ವಾ. ಅದಕ್ಕೆ ನಾನು ಶೇಕಡಾವಾರು ಹೇಳಲೇ ಇಲ್ಲ. "ಹತ್ತು ದಿನದ್ದು ಒಂಬತ್ತಾಗುತ್ತೆ, ಕಾಯಿ ಜಾಸ್ತಿ ಆಗಲ್ಲ" ಅಂದೆ. ಅಪ್ಪ ತಕ್ಷಣ ಹಿಡಿದರು. 19ಕ್ಕೆ ಒಂಬತ್ತು ಸೇರಿಸಿದರೆ 28, ಕಾಲದ ಕೊನೇ ದಿನ. ಕಾಫಿ ಗಿಡ ಒಂದು ಕೊಯ್ಲಿಗೆ ನಾಲ್ಕು ಬೀಜ ಕೊಡುತ್ತೆ. ಅಂದರೆ ಇವತ್ತೇ ಗೊಬ್ಬರ ಹಾಕಿ ನೆಟ್ಟು, ಒಂದು ದಿನವೂ ನೀರು ತಪ್ಪಿಸದೆ, 28ಕ್ಕೆ ನೆನಪಿಟ್ಟು ಕೊಯ್ದರೆ ಒಂದು ಬೀಜ ನಾಲ್ಕಾಗುತ್ತೆ. ಒಂದು ದಿನ ಮರೆತರೆ ಇದ್ದ ಒಂದೂ ಹೋಯ್ತು. ಎರಡು ದಾರಿಯನ್ನೂ ಹೇಳಿದೆ, ಆಯ್ಕೆ ಅವರದ್ದು.

ಬೆಲೆಯ ವಿಷಯಕ್ಕೆ ಬಂದರೆ, ವಿವರದ ಚೌಕದಲ್ಲಿ ನಾವು ಮಾರಿದರೆ ಎಷ್ಟು ಸಿಗುತ್ತೆ ಅಂತ ಇರಲ್ಲ. ಅಪ್ಪ ಅದನ್ನ ಫೋಟೋದಲ್ಲಿ ಹುಡುಕು ಹುಡುಕು ಅಂದರು, ಅಲ್ಲಿಲ್ಲದ್ದು ಎಲ್ಲಿಂದ ಬರಬೇಕು. ನನಗೆ ಗೊತ್ತಿರೋದು ಹೇಳಿದೆ, ಬೀಜಕ್ಕೆ 15, ಕಾಫಿಗೆ 150. ವರ್ಷದ ಮೊದಲ ದಿನ ಒಂದು ಗಿಡ ನೆಟ್ಟರೆ 11ನೇ ತಾರೀಖು ಮೊದಲ ಕೊಯ್ಲು, ಆಮೇಲೆ ಎರಡು ದಿನಕ್ಕೊಮ್ಮೆ. ಎರಡು ಕಾಲ ಮುಗಿಯೋ ಹೊತ್ತಿಗೆ 23 ಕೊಯ್ಲು, 92 ಬೀಜ. ಬೀಜವಾಗೇ ಮಾರಿದರೆ 1,380, ಹಾಕಿದ ಹಣವೂ ವಾಪಸ್ ಇಲ್ಲ. ಕಾಫಿ ಮಾಡಿದರೆ 18 ಕಾಫಿ, 2,700. ಮೊದಲ ಕೊಯ್ಲಿನ ನಾಲ್ಕನ್ನೂ ಮತ್ತೆ ನೆಟ್ಟರೆ ಲೆಕ್ಕ ಎಲ್ಲಿಗೋ ಹೋಗುತ್ತೆ, ಅದನ್ನ ಅಪ್ಪ ನನಗಿಂತ ಬೇಗ ಹೇಳಿದರು.

ಮೆನುಗಳಲ್ಲಿ ಒಂದೇ ಒಂದು ಎಚ್ಚರಿಕೆ ಮೊದಲೇ ಕೊಡಬೇಕು. ಮೆನುವಿನ ಕೊನೇ ಪುಟದಲ್ಲಿ Exit to Title ಮತ್ತು Exit to Desktop ಅಂತ ಎರಡು ಗುಂಡಿ ಇವೆ. ಅಪ್ಪ ಅದರ ಫೋಟೋ ಕಳಿಸಿ "ಉಳಿಸೋದಕ್ಕೆ ಯಾವುದು ಒತ್ತಲಿ?" ಅಂತ ಕೇಳಿದ್ದರು. ಎರಡೂ ಅಲ್ಲ. ಆಟ ಉಳಿಯೋದು ಆಟದ ದಿನ ಮುಗಿದಾಗ ಮಾತ್ರ, ಅದಕ್ಕೆ ಹಾಸಿಗೆಗೆ ಹೋಗಿ ಮಲಗಬೇಕು, ಆಗ Go to sleep for the night? ಅಂತ ಕೇಳುತ್ತೆ, Yes ಒತ್ತಬೇಕು. ನಡುವೆ ಹೊರಬಂದರೆ ಅವತ್ತಿನ ಕೆಲಸ ಪೂರ್ತಿ ಹೋಗುತ್ತೆ. ನಮ್ಮಲ್ಲಿ ಗಾಳಿಮಳೆಗೆ ಕರೆಂಟ್ ಹೋಗೋದು ದಿನದ ಮಾತು, ಆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ಕಾಲ ಆಯ್ತು. ಹಾಗಾಗಿ ಗುಡುಗು ಕೇಳಿದರೆ ಮೊದಲು ಮಲಗಿಬಿಡಿ ಅಂತ ಹೇಳಿದ್ದೇನೆ, ಆಟದಲ್ಲಿ.

ಅಪ್ಪ ಬೀಜ ತಗೊಂಡರು, ಗೊಬ್ಬರ ಹಾಕಿ ಅವತ್ತೇ ನೆಟ್ಟರು. ಮರುದಿನ ಬಂದ ಫೋಟೋ ಕೌಶಲಗಳ ಪುಟದ್ದು, ಕೆಗ್ ಯಾವಾಗ ಮಾಡಬಹುದು ಅಂತ ಪ್ರಶ್ನೆ. ಮೇಲಿನ ಮೊದಲ ಸಾಲು ಬೇಸಾಯದ್ದು, ಅದರಲ್ಲಿ ಹತ್ತು ಮನೆ ಇರುತ್ತೆ, ಎಂಟು ತುಂಬಿದರೆ ಕೆಗ್ ಮಾಡೋ ವಿಧಾನ ಸಿಗುತ್ತೆ. 30 ಮರದ ತುಂಡು, ಒಂದು ತಾಮ್ರದ ಗಟ್ಟಿ, ಒಂದು ಕಬ್ಬಿಣದ ಗಟ್ಟಿ, ಓಕ್ ಮರದ ಅಂಟು ಒಂದು ಬೇಕು. ಅಪ್ಪನ ಸಾಲಿನಲ್ಲಿ ತುಂಬಿದ್ದು ಐದೋ ಆರೋ, ಫೋಟೋ ಅಲ್ಲಾಡಿತ್ತು. ಇನ್ನೊಂದು ಕಳಿಸಿ ಅಂದೆ.