ತಂಬೂರಿಯ ಗಾಂಧಾರ, ಕೀಬೋರ್ಡಿನ ಗಾಂಧಾರ

ನಾನು ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಈಗ ಬರುವ ಮಕ್ಕಳಲ್ಲಿ ಹಲವರ ಮನೆಯಲ್ಲಿ ಕೀಬೋರ್ಡ್ ಇರುತ್ತದೆ. ಸರಳೆ ವರಸೆಯನ್ನು ಅದರ ಜೊತೆಗೇ ಹಾಡಿಕೊಳ್ಳುತ್ತಾರೆ. ಅಂಥವರು ತಂಬೂರಿಯ ಮುಂದೆ ಕೂತಾಗ ಸ, ಪ ಸರಿಯಾಗಿ ಸೇರುತ್ತವೆ, ಅಂತರ ಗಾಂಧಾರ ಮಾತ್ರ ಚೂರು ಮೇಲೆ ನಿಲ್ಲುತ್ತದೆ. ಒಬ್ಬ ಹುಡುಗನಿಗೆ ಇದನ್ನು ಹೇಳಿದಾಗ, "ಮೇಷ್ಟ್ರೇ, ಕೀಬೋರ್ಡ್‌ಗೆ ಸರಿಯಾಗೇ ಸೇರುತ್ತಲ್ಲ?" ಅಂದ. ಅವನು ಹೇಳಿದ್ದು ನಿಜ. ಹಾಗಾಗಿ ಎರಡನ್ನೂ ಪಕ್ಕದಲ್ಲಿಟ್ಟು ಅವನ ಕಿವಿಗೇ ಕೇಳಿಸಿದೆ.

ಮೊದಲು ತಂಬೂರಿಯನ್ನು ಒಂದು ಮನೆ ಶ್ರುತಿಗೆ, ಅಂದರೆ ಕೀಬೋರ್ಡಿನ ಸಿ ಗೆ ಕೂಡಿಸಿದೆ. ನಡುವಿನ ಎರಡು ತಂತಿಗಳನ್ನು ಬಿರಡೆ ತಿರುಗಿಸಿ ಹತ್ತಿರ ತಂದು, ಉಳಿದಿದ್ದನ್ನು ಮಣಿಯಲ್ಲಿ ಸರಿಪಡಿಸಿದೆ. ಎರಡೂ ಒಂದೇ ತಂತಿಯ ಹಾಗೆ ಕೇಳಿಸಬೇಕು. ಆಮೇಲೆ ಮಂದ್ರ ಷಡ್ಜ, ಪಂಚಮ. ಕೊನೆಗೆ ಕುದುರೆಯ ಮೇಲೆ ತಂತಿಯ ಕೆಳಗಿನ ಜೀವದ ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಹೋದರೆ, ಒಂದು ಜಾಗದಲ್ಲಿ ನಾದ ತಟ್ಟನೆ ಬಿಚ್ಚಿಕೊಳ್ಳುತ್ತದೆ. ಈ ಜಾಗ ಸಿಗದಿದ್ದರೆ ಮುಂದಿನದ್ದು ಯಾವುದೂ ಕೇಳಿಸುವುದಿಲ್ಲ.

ಸಿಕ್ಕಾಗ ಏನಾಗುತ್ತೆ ಅಂದರೆ, ಮಂದ್ರ ತಂತಿ ಮೀಟಿದ ಸ್ವಲ್ಪ ಹೊತ್ತಿಗೆ ಅದರೊಳಗಿಂದ ಒಂದು ಗಾಂಧಾರ ಮೇಲೇಳುತ್ತದೆ. ಯಾರೂ ಆ ಸ್ವರಕ್ಕೆ ತಂತಿ ಕಟ್ಟಿಲ್ಲ. ತಂತಿ ಕುದುರೆಯ ಬಾಗಿದ ಮೈಗೆ ತಾಗುತ್ತಾ ನಡುಗುವುದರಿಂದ ಉಪಸ್ವರಗಳು ಇಷ್ಟು ಜೋರಾಗಿ ಬರುತ್ತವೆ. ಸಿ. ವಿ. ರಾಮನ್ 1921ರಲ್ಲೇ ಇದರ ಬಗ್ಗೆ ಬರೆದಿದ್ದರು. ನಮ್ಮ ಮಂದ್ರ ಷಡ್ಜ ಸೆಕೆಂಡಿಗೆ ಸುಮಾರು 65.4 ಸಲ ನಡುಗುತ್ತದೆ. ಅದರ ಐದನೇ ಉಪಸ್ವರ, ಅಂದರೆ ಅದರ ಐದು ಪಟ್ಟು, 327. ಅದೇ ಈ ಗಾಂಧಾರ.

ಈಗ ಹುಡುಗನಿಗೆ ಕೀಬೋರ್ಡಿನ ನಡುವಿನ ಸಿ ಮೇಲಿನ ಇ ಕೀಯನ್ನು ಮೆಲ್ಲಗೆ ಒತ್ತಿ ಹಿಡಿ ಅಂದೆ. ಆರ್ಗನ್ ದನಿ ಇಟ್ಟುಕೊಂಡೆವು, ಪಿಯಾನೊ ದನಿ ಬೇಗ ಆರಿಹೋಗುತ್ತದೆ. ಆ ಕೀ 329.6ರಲ್ಲಿದೆ. ತಂಬೂರಿಯ 327ರ ಜೊತೆ ಸೇರಿದಾಗ ಸೆಕೆಂಡಿಗೆ ಎರಡೂವರೆ ಸಲ ವಂವ್ ವಂವ್ ಅಂತ ಅಲೆ ಎದ್ದಿತು. ಹುಡುಗನ ಹುಬ್ಬು ಮೇಲೇರಿತು. ಆಮೇಲೆ ಪಂಚಮಕ್ಕೆ ನಡುವಿನ ಸಿ ಕೆಳಗಿನ ಜಿ ಒತ್ತಿಸಿದೆ. ಅಲೆ ಗೊತ್ತಾಗುವುದೇ ಕಷ್ಟ, ನಾಲ್ಕೈದು ಸೆಕೆಂಡಿಗೆ ಒಂದು ಅಷ್ಟೇ. ಅವನ ಪ ಸೇರಿ, ಗ ಸೇರದೇ ಇದ್ದದ್ದು ಇದಕ್ಕೇ.

ಕೀಬೋರ್ಡ್ ಕೆಟ್ಟಿಲ್ಲ. ಅದನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ. ಸ್ಥಾಯಿಯನ್ನು 1200 ಸೆಂಟ್ ಅಂತ ಇಟ್ಟುಕೊಂಡರೆ, ತಂಬೂರಿಯ ಗಾಂಧಾರ ಸ ಇಂದ 386 ಸೆಂಟ್ ದೂರ. ಆ ಗಾಂಧಾರವನ್ನೇ ಸ ಮಾಡಿಕೊಂಡು ಇನ್ನೊಂದು, ಅದರ ಮೇಲೆ ಮತ್ತೊಂದು ಅಂತ ಮೂರು ಹೆಜ್ಜೆ ಹಾಕಿ ನೋಡಿ. ತಾರ ಷಡ್ಜ ಮುಟ್ಟಬೇಕು, ಅಲ್ವಾ? ಮುಟ್ಟುವುದಿಲ್ಲ, 41 ಸೆಂಟ್ ಕಮ್ಮಿ ಬೀಳುತ್ತದೆ. ಪಿಯಾನೊದಲ್ಲಿ ಯಾವ ಕೀ ಬೇಕಾದರೂ ಸ ಆಗಬೇಕು. ಹಾಗಾಗಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ್ದಾರೆ. ಆ 41 ಮೂರು ಗಾಂಧಾರಗಳಿಗೆ ಹಂಚಿಹೋಗಿ, ಒಂದೊಂದೂ ಸುಮಾರು 14 ಸೆಂಟ್ ಏರಿ 400ಕ್ಕೆ ನಿಂತಿದೆ. ಹಾಡಿನ ನಡುವೆ ಸ ಬದಲಾಯಿಸುವ ಸಂಗೀತಕ್ಕೆ ಈ ಹಂಚಿಕೆ ಬೇಕು. ನಮ್ಮಲ್ಲಿ ಕಛೇರಿ ಮುಗಿಯುವ ತನಕ ಸ ಕದಲುವುದಿಲ್ಲ. ಮೇಲಾಗಿ ತಂಬೂರಿ ತನ್ನ ಗಾಂಧಾರವನ್ನು ಹೇಳುತ್ತಲೇ ಇರುತ್ತದೆ, ಏರಿದ ಗಾಂಧಾರ ಅದರ ಜೊತೆ ಜಗಳಕ್ಕೆ ಬೀಳುತ್ತದೆ.

ಅವನ ಕೀಬೋರ್ಡಿನಲ್ಲಿ ಸ್ಕೇಲ್ ಟ್ಯೂನಿಂಗ್ ಇತ್ತು, ಒಂದೊಂದು ಕೀಯನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸಬಹುದು. ಇ ಕೀಯನ್ನು ಒಂದೊಂದೇ ಸೆಂಟ್ ಇಳಿಸಲು ಹೇಳಿದೆ, ಅಂಕಿ ನೋಡದೆ ಕಿವಿ ಮಾತ್ರ ಕೊಟ್ಟು. ಅಲೆ ನಿಧಾನವಾಗುತ್ತಾ ಬಂದು ನಿಂತಿತು. ನೋಡಿದರೆ ಮೈನಸ್ 14. ಸರಳೆ ಹಾಡುವ ರಾಗ ಮಾಯಾಮಾಳವಗೌಳದ ಕಾಕಲಿ ನಿಷಾದವನ್ನೂ 12 ಇಳಿಸಿದೆವು. ಶುದ್ಧ ರಿಷಭವನ್ನು 12, ಶುದ್ಧ ಧೈವತವನ್ನು 14 ಏರಿಸಿದೆವು.

ಇದು ಸಿ ಸ ಆಗಿರುವ ತನಕ ಮಾತ್ರ. ಅವನ ತಂಗಿ ಎರಡು ಮನೆ ಶ್ರುತಿಯಲ್ಲಿ, ಅಂದರೆ ಡಿ ಇಟ್ಟುಕೊಂಡು ಹಾಡಿದರೆ, ಅದೇ ಇ ಕೀ ಚತುಶ್ರುತಿ ರಿಷಭವಾಗುತ್ತದೆ. 204ರಲ್ಲಿ ಇರಬೇಕಾದದ್ದು 186ಕ್ಕೆ ಬಿದ್ದಿರುತ್ತದೆ. ಎಲ್ಲವನ್ನೂ ಹೊಸದಾಗಿ ಇಡಬೇಕು.

ಇನ್ನು ಈ ಹೊಂದಾಣಿಕೆ ನಿಂತ ಸ್ವರಕ್ಕಷ್ಟೇ. ಸರಳೆಯಲ್ಲಿ ಗಾಂಧಾರ ನಿಲ್ಲುತ್ತದೆ, ಅದಕ್ಕೆ ಉಪಯೋಗವಾಯಿತು. ತೋಡಿಯ ಗಾಂಧಾರ ತೂಗಾಡುತ್ತಲೇ ಇರುತ್ತದೆ, ಅದಕ್ಕೆ ಯಾವ ಸೆಂಟ್ ಇಡುತ್ತೀರಿ? ಆ ರಾಗಕ್ಕೆ ಬಂದಾಗ ಕೀಬೋರ್ಡ್ ಆಫ್ ಮಾಡಿ ತಂಬೂರಿ ಮಾತ್ರ ಇಟ್ಟುಕೊಳ್ಳಲು ಹೇಳುತ್ತೇನೆ.