ಬಿಳಿ ಬೆಕ್ಕು, ನೀಲಿ ಕಣ್ಣು: ಕಿವಿ ಕೇಳುತ್ತದೆಯೇ ಎಂದು ತಿಳಿಯುವುದು ಹೇಗೆ?

ತೀರ್ಥಹಳ್ಳಿ ಕಡೆಯ ನಮ್ಮ ಅತ್ತೆಯ ಮನೆಯಲ್ಲಿ ಮಲ್ಲಿ ಎಂಬ ಬೆಕ್ಕಿದೆ. ಮೈಯೆಲ್ಲ ಬಿಳಿ, ಎರಡೂ ಕಣ್ಣು ನೀಲಿ. ಅಂಗಳದಲ್ಲಿ ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ. ಆದರೆ ಹಲಗೆ ಹಾಸಿದ ಮೆತ್ತಿಯಲ್ಲಿ ಮಲಗಿದ್ದಾಗ ಯಾರಾದರೂ ಮೆಟ್ಟಿಲು ಹತ್ತಿದರೆ ಸಾಕು, ತಟ್ಟನೆ ಏಳುತ್ತದೆ. "ಇದಕ್ಕೆ ಕಿವಿ ಚೆನ್ನಾಗೇ ಇದೆ, ಕೊಬ್ಬು ಅಷ್ಟೇ" ಎಂದು ಅತ್ತೆ ಒಂದು ವರ್ಷ ನಂಬಿದ್ದರು. ಮಲ್ಲಿ ಏಳುತ್ತಿದ್ದದ್ದು ಸದ್ದಿಗಲ್ಲ, ಹಲಗೆಯ ನಡುಕಕ್ಕೆ.

ಬಿಳಿ ಬಣ್ಣಕ್ಕೂ ಕಿವಿಗೂ ಏನು ಸಂಬಂಧ ಅಂತ ಅನ್ನಿಸಬಹುದು. ಕೂದಲಿಗೆ, ಕಣ್ಣಿಗೆ ಬಣ್ಣ ಕೊಡುವ ಜೀವಕೋಶಗಳು ಒಳಗಿವಿಯಲ್ಲೂ ಇರಬೇಕು. ಸದ್ದನ್ನು ಹಿಡಿಯುವ ಭಾಗ ಸರಿಯಾಗಿ ಉಳಿಯಲು ಅವು ಬೇಕೇ ಬೇಕು. ಮೈಯನ್ನೆಲ್ಲ ಬಿಳಿ ಮಾಡುವ ಜೀನ್ ಇರುವ ಕೆಲವು ಮರಿಗಳಲ್ಲಿ ಈ ಕೋಶಗಳು ಅಲ್ಲಿಗೆ ತಲುಪುವುದೇ ಇಲ್ಲ. ಹಾಗಾಗಿ ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಒಳಗಿವಿ ಕೆಡುತ್ತದೆ. ಎರಡೂ ಕಣ್ಣು ನೀಲಿ ಇರುವ ಬಿಳಿ ಬೆಕ್ಕುಗಳಲ್ಲಿ ಸುಮಾರು 65ರಿಂದ 85 ಶೇಕಡಾ ಕಿವುಡು. ಒಂದೇ ಕಣ್ಣು ನೀಲಿ ಇದ್ದರೆ ಸುಮಾರು 40. ಅಂದರೆ ನೀಲಿ ಕಣ್ಣಿದ್ದೂ ಚೆನ್ನಾಗಿ ಕೇಳುವ ಬೆಕ್ಕುಗಳಿವೆ. ಅದಕ್ಕೇ ಪರೀಕ್ಷೆ ಮಾಡಿಯೇ ನೋಡಬೇಕು.

ಪರೀಕ್ಷೆಯಲ್ಲಿ ನಾವು ತಪ್ಪುವುದು ಚಪ್ಪಾಳೆ ತಟ್ಟಿದಾಗ. ಬೆಕ್ಕಿಗೆ ಕೈ ಕಾಣುತ್ತದೆ, ಹತ್ತಿರದಲ್ಲಿದ್ದರೆ ಗಾಳಿಯೂ ಮೀಸೆಗೆ ತಾಗುತ್ತದೆ. ಪಾತ್ರೆ ಬೀಳಿಸಿದರೆ ನೆಲ ಅದುರುತ್ತದೆ. ಈ ಮೂರನ್ನೂ ತಪ್ಪಿಸಬೇಕು.

ಅತ್ತೆಯ ಮನೆಯಲ್ಲಿ ನಾವು ಮಾಡಿದ್ದು ಹೀಗೆ. ಮಳೆ ಇಲ್ಲದ ಮಧ್ಯಾಹ್ನ ಆರಿಸಿಕೊಂಡೆವು, ಹೆಂಚಿನ ಮೇಲೆ ಮಳೆ ಸುರಿಯುತ್ತಿದ್ದರೆ ಏನೂ ಗೊತ್ತಾಗುವುದಿಲ್ಲ. ಮಲ್ಲಿ ಜಗಲಿಯ ಗಟ್ಟಿ ನೆಲದ ಮೇಲೆ, ದಪ್ಪ ಕಂಬಳಿಯಲ್ಲಿ ನಿದ್ದೆ ಮಾಡುತ್ತಿತ್ತು. ಒಬ್ಬರು ದೂರದಲ್ಲಿ ಕುಳಿತು ಅದರ ಕಿವಿಯನ್ನೇ ನೋಡುತ್ತಿದ್ದರು. ನಾನು ಬಾಗಿಲ ಮರೆಯಲ್ಲಿ, ಅದರ ಬೆನ್ನ ಹಿಂದೆ ನಿಂತು ಮೊದಲು ಪ್ಲಾಸ್ಟಿಕ್ ಕವರ್ ಮುದುರಿದೆ. ಸ್ವಲ್ಪ ಹೊತ್ತು ಬಿಟ್ಟು ಬೀಗದ ಕೈ ಗೊಂಚಲು ಅಲ್ಲಾಡಿಸಿದೆ. ಕೊನೆಗೆ ಜೋರಾಗಿ ಸಿಳ್ಳೆ ಹಾಕಿದೆ. ಕೇಳುವ ಬೆಕ್ಕು ಎಚ್ಚರವಾಗದಿದ್ದರೂ ಕಿವಿ ಒಂದಿಷ್ಟು ಅಲುಗಿಸುತ್ತದೆ. ಮಲ್ಲಿಯ ಕಿವಿ ಕದಲಲಿಲ್ಲ. ಬೇರೆ ಬೇರೆ ಮೂರು ದಿನ ನೋಡಿದೆವು, ಅದೇ ಕಥೆ. ಒಮ್ಮೆ ಮಾತ್ರ ಮಾಡಿ ತೀರ್ಮಾನಿಸಬೇಡಿ. ಕೇಳಿಯೂ ಸುಮ್ನೆ ಬಿದ್ದಿರುವ ಬೆಕ್ಕುಗಳಿರುತ್ತವೆ, ಅದೇ ಸದ್ದು ಪದೇಪದೇ ಮಾಡಿದರೆ ಬೇಸತ್ತು ಬಿಟ್ಟೂ ಬಿಡುತ್ತವೆ.

ಒಂದೇ ಕಿವಿ ಕಿವುಡಾಗಿದ್ದರೆ ಈ ಪರೀಕ್ಷೆ ಸಾಲದು. ಅಂಥ ಬೆಕ್ಕು ಸದ್ದು ಕೇಳಿಸಿಕೊಳ್ಳುತ್ತದೆ, ಆದರೆ ಎಲ್ಲಿಂದ ಬಂತೆಂದು ತಿಳಿಯದೆ ತಪ್ಪು ಕಡೆ ತಿರುಗಬಹುದು. ಖಚಿತವಾಗಿ ಹೇಳುವುದು ಬೇರ್ ಎಂಬ ಪರೀಕ್ಷೆ. ಅದರಲ್ಲಿ ಸದ್ದಿಗೆ ಮೆದುಳು ಕೊಡುವ ವಿದ್ಯುತ್ ಸಂಕೇತವನ್ನು ಒಂದೊಂದೇ ಕಿವಿಗೆ ಅಳೆಯುತ್ತಾರೆ. ಅದು ಎಲ್ಲ ಕಡೆ ಸಿಗುವುದಿಲ್ಲ. ಮೊದಲು ಚೆನ್ನಾಗಿ ಕೇಳುತ್ತಿದ್ದ ಬೆಕ್ಕು ಈಗ ಕೇಳದಿದ್ದರೆ, ಕಿವಿ ಕೆರೆದುಕೊಳ್ಳುತ್ತಿದ್ದರೆ, ಕಿವಿಯಿಂದ ವಾಸನೆ ಬರುತ್ತಿದ್ದರೆ, ತಲೆ ಓರೆ ಮಾಡುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಹುಳ ಅಥವಾ ಸೋಂಕಿನಿಂದ ಹಾಗಾಗಿದ್ದರೆ ಚಿಕಿತ್ಸೆ ಇದೆ. ಹುಟ್ಟುಗಿವುಡಿಗೆ ಇಲ್ಲ.

ಇನ್ನು ದಿನನಿತ್ಯದ ಮಾತು. ಮಲಗಿರುವ ಬೆಕ್ಕನ್ನು ಹಿಂದಿನಿಂದ ಮುಟ್ಟಬೇಡಿ, ಬೆದರಿ ಪರಚುತ್ತದೆ. ಅದು ಮಲಗಿದ ಚಾಪೆಯ ಅಂಚನ್ನು ಮೆಲ್ಲಗೆ ಒತ್ತಿ, ಎದ್ದು ನೋಡಿದ ಮೇಲೆ ಕೈ ಮೂಸಲು ಕೊಡಿ. ಕರೆಯುವುದಕ್ಕೆ ಬೆಳಕು ಬಳಸಿ. ಅತ್ತೆ ಸಂಜೆ ಜಗಲಿಯ ದೀಪವನ್ನು ಎರಡು ಸಲ ಆರಿಸಿ ಹಚ್ಚಿ, ತಕ್ಷಣ ಹಾಲನ್ನ ಇಡುತ್ತಿದ್ದರು. ಕೆಲವು ದಿನಗಳಲ್ಲಿ ಮಲ್ಲಿಗೆ ಅರ್ಥವಾಯಿತು. ದೀಪ ಕಂಡರೆ ಊಟ, ಪ್ರತಿ ಸಲವೂ ಊಟ. ಸುಮ್ನೆ ಕರೆದು ಮೋಸ ಮಾಡಿದರೆ ಪಾಠ ಕೆಡುತ್ತದೆ. ಮಳೆಗಾಲದಲ್ಲಿ ಕರೆಂಟ್ ಜಾಸ್ತಿ ಹೋಗುತ್ತದೆ ಅಲ್ವಾ, ಹಾಗಾಗಿ ಟಾರ್ಚ್‌ನಲ್ಲೂ ಅದೇ ರೂಢಿ ಮಾಡಿಸಿ. ಬೆಳಕು ನೆಲಕ್ಕೆ ಬೀಳಲಿ, ಕಣ್ಣಿಗೆ ಬೇಡ.

ಮಲೆನಾಡಿನಲ್ಲಿ ಹೊರಗೆ ಬಿಡುವುದೇ ದೊಡ್ಡ ಅಪಾಯ. ನಾಯಿ ಬೊಗಳಿದ್ದು, ಹಾವು ಬುಸುಗುಟ್ಟಿದ್ದು, ಜೀಪು ಹಿಂದಕ್ಕೆ ಬಂದದ್ದು ಯಾವುದೂ ಅದಕ್ಕೆ ತಿಳಿಯುವುದಿಲ್ಲ. ನೀವು ಕೂಗಿದರೂ ಕೇಳದು. ಅತ್ತೆ ಈಗ ಮಲ್ಲಿಯನ್ನು ಒಳಗೇ ಇಟ್ಟುಕೊಂಡಿದ್ದಾರೆ. ಬೆಳಗಿನ ಹೊತ್ತು ಮಾತ್ರ ಎದೆಪಟ್ಟಿ ಕಟ್ಟಿ, ಹಗ್ಗ ಹಿಡಿದು ಅಂಗಳಕ್ಕೆ ಬಿಡುತ್ತಾರೆ. ಬಿಳಿ ಬೆಕ್ಕಿನ ಕಿವಿಯ ತುದಿ ಬಿಸಿಲಿಗೆ ಸುಟ್ಟು ಕ್ಯಾನ್ಸರ್ ಬರುವುದೂ ಉಂಟು, ಅದಕ್ಕೆ ಉರಿಬಿಸಿಲು ಬೇಡ. ಕೊರಳಿಗೆ ಗೆಜ್ಜೆ ಕಟ್ಟಿದ್ದಾರೆ, ಅದು ಎಲ್ಲಿದೆ ಎಂದು ನಮಗೆ ತಿಳಿಯಲಿ ಎಂದು. ಗೆಜ್ಜೆಯ ಕೊರಳಪಟ್ಟಿ ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವಂಥದ್ದಿರಬೇಕು. ಮನೆಯಲ್ಲಿ ವಾಹನ ಇದ್ದರೆ, ಹೊರಡುವ ಮುಂಚೆ ಬಗ್ಗಿ ಅಡಿಯಲ್ಲಿ ನೋಡಿ. ಹಾರನ್ ಹೊಡೆದರೆ ಏಳುವ ಬೆಕ್ಕಲ್ಲ ಇದು.

ರಾತ್ರಿ ಮಲ್ಲಿ ತುಂಬಾ ಜೋರಾಗಿ ಕೂಗುತ್ತದೆ. ತನ್ನ ದನಿ ತನಗೇ ಕೇಳಿಸದ್ದಕ್ಕೆ ಹಾಗೆ. ಗದರಿಸಿದರೆ ಗದರಿದ್ದೂ ಕೇಳುವುದಿಲ್ಲ. ಅತ್ತೆ ಎದ್ದು ಹೋಗಿ, ಅದರ ಕಣ್ಣಿಗೆ ಕಾಣುವ ಹಾಗೆ ಎದುರು ಕೂರುತ್ತಾರೆ. ಆಗ ಸುಮ್ಮನಾಗುತ್ತದೆ.