ಬ್ರಾಕೆಟ್ಟಿನೊಳಗಿನದು ಏರುತ್ತಿದೆಯೋ, ಇಳಿಯುತ್ತಿದೆಯೋ?

ಧಾರವಾಡದಲ್ಲಿ ಪಿಯುಸಿ ಎರಡನೇ ವರ್ಷದವರಿಗೆ ಗಣಿತ ಹೇಳಿಕೊಡುವುದು ನನ್ನ ಕೆಲಸ. ಗದಗ, ಹಾವೇರಿ ಕಡೆಯಿಂದ ಬಂದು ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಸಿಇಟಿ, ಜೆಇಇಗೆ ಓದುವ ಮಕ್ಕಳೇ ನನ್ನ ಹತ್ತಿರ ಹೆಚ್ಚು. [x] ಎಂದರೇನು ಎಂಬುದು ಇವರಿಗೆಲ್ಲ ಗೊತ್ತು. x ಅನ್ನು ಮೀರದ ಪೂರ್ಣಾಂಕಗಳಲ್ಲಿ ಅತಿ ದೊಡ್ಡದು ಅದು: [2.7] = 2, [−0.3] = −1. x = 3ರ ಎಡಗಡೆ ಲಿಮಿಟ್ 2, ಬಲಗಡೆ ಲಿಮಿಟ್ 3, ಬೆಲೆಯೂ 3. ಹೀಗಾಗಿ "ಎಡಕ್ಕೆ n−1, ಬಲಕ್ಕೆ n" ಎಂದು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ.

ಬರೀ [x] ಇರುವ ತನಕ ಆ ಬಾಯಿಪಾಠ ನಡೆಯುತ್ತದೆ. ಒಳಗೆ x² ಅಥವಾ sin x ಬಂದರೆ ನಡೆಯುವುದಿಲ್ಲ. ಅದಕ್ಕೆ ನಾನು ಈ ಪಾಠವನ್ನು ಶುರು ಮಾಡುವುದೇ [x²] ಇಂದ. "−2 ಮತ್ತು 2ರ ನಡುವೆ ಇದು ಎಲ್ಲೆಲ್ಲಿ ಕಂಟಿನ್ಯೂಯಸ್ ಅಲ್ಲ?" ಎಂದು ಕೇಳಿದರೆ ಬರುವ ಮೊದಲ ಉತ್ತರ ಹೆಚ್ಚುಕಡಿಮೆ ಯಾವಾಗಲೂ −1, 0, 1. ಆ ಮೂರರಲ್ಲಿ ಒಂದು ತಪ್ಪು, ಜೊತೆಗೆ ನಾಲ್ಕು ಬಿಟ್ಟುಹೋಗಿವೆ.

ನೋಡಬೇಕಾದ ಜಾಗ x ಪೂರ್ಣಾಂಕವಾಗುವಲ್ಲಿ ಇಲ್ಲ, ಬ್ರಾಕೆಟ್ಟಿನ ಒಳಗಿನದು ಪೂರ್ಣಾಂಕವಾಗುವಲ್ಲಿ ಇದೆ. ಒಳಗಿನದು 1.4 ಇದ್ದಾಗ ಅದು ಸ್ವಲ್ಪ ಅತ್ತಿತ್ತ ಸರಿದರೂ ಉತ್ತರ 1 ಆಗಿಯೇ ಉಳಿಯುತ್ತದೆ, ಅಲ್ಲಿ ಜಿಗಿತಕ್ಕೆ ಅವಕಾಶವಿಲ್ಲ. x² ಪೂರ್ಣಾಂಕವಾಗುವುದು 0, ±1, ±√2, ±√3ಗಳಲ್ಲಿ. ಪರೀಕ್ಷೆ ಮಾಡಬೇಕಾದದ್ದು ಈ ಏಳು ಬಿಂದುಗಳನ್ನು ಮಾತ್ರ.

ಎಲ್ಲರೂ ಸಿಕ್ಕಿಬೀಳುವುದು −1ರಲ್ಲಿ. ಒಮ್ಮೆ ಹಾವೇರಿ ಕಡೆಯ ಹುಡುಗಿಯೊಬ್ಬಳನ್ನು ಬೋರ್ಡಿಗೆ ಕರೆದೆ. ಎಡಕ್ಕೆ 0, ಬಲಕ್ಕೆ 1 ಎಂದು ಬರೆದಳು.

"ಯವ್ವಾ, −1ರ ಎಡಕ್ಕ ಒಂದು ನಂಬರ್ ಹೇಳು."

"−1.01 ರೀ ಸರ್."

"ಅದರ ವರ್ಗ?"

"1.0201." ಸ್ವಲ್ಪ ತಡೆದು, "ಅಂದ್ರ ಎಡಕ್ಕ 1 ಬರ್ತೈತ್ರಿ! ಬಲಕ್ಕ −0.99, ವರ್ಗ 0.9801, ಅಲ್ಲಿ 0. ಉಲ್ಟಾ ಆತಲ್ರೀ?"

ಹೌದು, ಉಲ್ಟಾ. ಋಣ ಭಾಗದಲ್ಲಿ x ಮುಂದಕ್ಕೆ ಹೋದಂತೆ x² ಇಳಿಯುತ್ತದೆ. ಒಳಗಿನದು ಏರುತ್ತಾ ಪೂರ್ಣಾಂಕವನ್ನು ದಾಟಿದರೆ ಬೆಲೆ ಬಲಗಡೆಯ ಲಿಮಿಟ್ಟಿಗೆ ಸೇರುತ್ತದೆ, ಇಳಿಯುತ್ತಾ ದಾಟಿದರೆ ಎಡಗಡೆಯದಕ್ಕೆ. −1ರಲ್ಲಿ ಬೆಲೆ 1, ಎಡಗಡೆ ಲಿಮಿಟ್ಟೂ 1. ಅಂದರೆ [x²] ಅಲ್ಲಿ ಎಡದಿಂದ ಕಂಟಿನ್ಯೂಯಸ್, ಬಲದಿಂದ ಅಲ್ಲ. 1ರಲ್ಲಿ ಇದರ ತಿರುವುಮುರುವು. ±√2, ±√3ಗಳಲ್ಲೂ ಇದೇ ಲೆಕ್ಕ.

0ಯ ಕಥೆಯೇ ಬೇರೆ. ಅಲ್ಲಿ x² ಪೂರ್ಣಾಂಕವನ್ನು ದಾಟುವುದಿಲ್ಲ, ಮೇಲಿನಿಂದ ಬಂದು 0ಯನ್ನು ಮುಟ್ಟಿ ಮೇಲಕ್ಕೇ ಹೋಗುತ್ತದೆ. ಎರಡೂ ಕಡೆ x² ಎಂಬುದು 0ಗೂ 1ಕ್ಕೂ ನಡುವೆ ಇರುವುದರಿಂದ ಎರಡೂ ಲಿಮಿಟ್ 0, ಬೆಲೆಯೂ 0. ಕಂಟಿನ್ಯೂಯಸ್! ಹಾಗಾಗಿ ಏಳರಲ್ಲಿ ಆರು ಕಡೆ ಮಾತ್ರ ಜಿಗಿತ.

ಮೇಲಿನಿಂದ ಮುಟ್ಟಿದರೆ ಹೀಗೆ. ಕೆಳಗಿನಿಂದ ಮುಟ್ಟಿದರೆ? ಇದಕ್ಕೆ [sin x] ಅನ್ನು x = π/2ರಲ್ಲಿ ನೋಡಿಸುತ್ತೇನೆ. sin x ಅಲ್ಲಿ 1ಕ್ಕೆ ಏರಿ ಮತ್ತೆ ಇಳಿಯುತ್ತದೆ. ಎಡದಿಂದ ಬಂದರೂ ಬಲದಿಂದ ಬಂದರೂ 1ಕ್ಕಿಂತ ಕಡಿಮೆಯೇ, ಆದ್ದರಿಂದ ಎರಡೂ ಲಿಮಿಟ್ 0. ಲಿಮಿಟ್ ಇದೆ, ಆದರೆ ಬೆಲೆ 1. ಒಂದೇ ಒಂದು ಚುಕ್ಕೆ ಮೇಲೆ ನಿಂತುಬಿಟ್ಟಿದೆ. ಮೊಬೈಲಿನ ಗ್ರಾಫ್ ಆ್ಯಪಿನಲ್ಲಿ ಈ ಚುಕ್ಕೆ ಸಾಮಾನ್ಯವಾಗಿ ಕಾಣುವುದೇ ಇಲ್ಲ, ಗೆರೆ 0ಯ ಮೇಲೆ ನೇರ ಹೋದಂತೆ ಇರುತ್ತದೆ. ಆದ್ದರಿಂದ ಇಂಥ ಬಿಂದುಗಳಲ್ಲಿ ಚಿತ್ರ ನೋಡಿ ತೀರ್ಮಾನಿಸಬೇಡಿ, ಬೆಲೆಯನ್ನು ಹಾಕಿ ನೋಡಿ. ಅದೇ ಫಂಕ್ಷನ್ 3π/2ರಲ್ಲಿ −1ನ್ನು ಮೇಲಿನಿಂದ ಮುಟ್ಟುತ್ತದೆ, ಅಲ್ಲಿ ಏನೂ ತೊಂದರೆ ಇಲ್ಲ.

ಇಷ್ಟು ಕೈಗೆ ಹತ್ತಿದ ಮೇಲೆ ಪರೀಕ್ಷೆಗಳ ಪ್ರೀತಿಯ ಪ್ರಶ್ನೆಗೆ ಬರುತ್ತೇನೆ: x → 0 ಆದಾಗ [sin x / x]ನ ಲಿಮಿಟ್ ಎಷ್ಟು? sin x / x ಒಂದಕ್ಕೆ ಹೋಗುತ್ತದೆ, [1] = 1, ಮುಗಿಯಿತು ಎನ್ನುತ್ತಾರೆ. ಲಿಮಿಟ್ಟನ್ನು ಬ್ರಾಕೆಟ್ಟಿನೊಳಗೆ ಒಯ್ಯುವ ಈ ಕ್ರಮ ಒಳಗಿನ ಲಿಮಿಟ್ ಪೂರ್ಣಾಂಕ ಅಲ್ಲದಿದ್ದಾಗ ಮಾತ್ರ ನಿಶ್ಚಿಂತೆಯಿಂದ ಮಾಡಬಹುದಾದದ್ದು. ಪೂರ್ಣಾಂಕವಾಗಿದ್ದರೆ ಯಾವ ಕಡೆಯಿಂದ ಹತ್ತಿರವಾಗುತ್ತಿದೆ ಎಂದು ಕೇಳಲೇಬೇಕು. 0ಯ ಹತ್ತಿರ, 0 ಬಿಟ್ಟು, sin x / x ಯಾವಾಗಲೂ 1ಕ್ಕಿಂತ ಸ್ವಲ್ಪ ಕಡಿಮೆ, ಸುಮಾರು 1 − x²/6. x ಧನವಾದರೂ ಋಣವಾದರೂ ಹಾಗೆಯೇ. ಆದ್ದರಿಂದ ಉತ್ತರ 0. x / sin x ಆದರೆ 1ಕ್ಕಿಂತ ಸ್ವಲ್ಪ ಹೆಚ್ಚು, ಅಲ್ಲಿ ಉತ್ತರ 1.

ಇದನ್ನು ಮನೆಯಲ್ಲಿ ಕ್ಯಾಲ್ಕುಲೇಟರಿನಿಂದ ತಾಳೆ ನೋಡುವವರು ಎರಡು ವಿಷಯ ಗಮನದಲ್ಲಿಡಬೇಕು. x = 0.1 ಹಾಕಿದರೆ 0.9983 ಬರುತ್ತದೆ, ಸರಿಯಾಗಿ ಕಾಣುತ್ತದೆ. ಇನ್ನೂ ಹತ್ತಿರ ಹೋಗೋಣ ಎಂದು 0.00001 ಹಾಕಿದರೆ 1ಕ್ಕೆ ಇರುವ ಕೊರತೆ ಹತ್ತನೇ ದಶಮಾಂಶಕ್ಕೂ ಆಚೆ ಹೋಗಿರುತ್ತದೆ. ಹತ್ತು ಅಂಕಿಯ ಪರದೆ ಸೀದಾ 1 ತೋರಿಸುತ್ತದೆ, ನೋಡಿದವರು ಉತ್ತರ 1 ಎಂದೇ ನಂಬುತ್ತಾರೆ. ಎರಡನೆಯದು ಡಿಗ್ರಿ ಮೋಡ್. ಆಗ sin x / x ಸುಮಾರು 0.01745 ಬರುತ್ತದೆ, ಅದರ ಬ್ರಾಕೆಟ್ 0, ಉತ್ತರ ಹೊಂದಿಕೆಯಾದದ್ದರಿಂದ ಮೋಡ್ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ತಿರುಗಿಸಿ x / sin x ಹಾಕಿ ನೋಡಿ: 57.29 ಬಂದರೆ ಮೋಡ್ ಬದಲಿಸಬೇಕು.

ಕಲಿತದ್ದು ನಿಂತಿದೆಯೇ ಎಂದು ತಿಳಿಯಲು ನಾನು ಕೊಡುವ ಲೆಕ್ಕ ಇದು: x → 0 ಆದಾಗ [7 sin x / x] + [5x / sin x]. ಅವಸರದವರಿಗೆ 12 ಬರುತ್ತದೆ. ಮೊದಲನೆಯದು 7ಕ್ಕೆ ಕೆಳಗಿನಿಂದ ಹೋಗುತ್ತದೆ, ಆದ್ದರಿಂದ 6. ಎರಡನೆಯದು 5ಕ್ಕೆ ಮೇಲಿನಿಂದ, ಆದ್ದರಿಂದ 5. ಒಟ್ಟು 11.

ಗುಣಾಕಾರ ಬಂದಾಗ ಕೆಲಸ ಹಗುರ. [x]ನ ಜಿಗಿತ ಪ್ರತಿ ಪೂರ್ಣಾಂಕದಲ್ಲೂ 1. ಅದನ್ನು ಕಂಟಿನ್ಯೂಯಸ್ ಆದ g(x)ನಿಂದ ಗುಣಿಸಿದರೆ n ಎಂಬಲ್ಲಿ ಜಿಗಿತ g(n) ಆಗುತ್ತದೆ. g(n) = 0 ಆದರೆ ಜಿಗಿತವೇ ಇಲ್ಲ. ಅದಕ್ಕೇ x[x] ಎಂಬುದು 0ಯಲ್ಲಿ ಕಂಟಿನ್ಯೂಯಸ್, ಉಳಿದ ಪೂರ್ಣಾಂಕಗಳಲ್ಲಿ ಅಲ್ಲ. [x] sin πx ಆದರೆ ಎಲ್ಲ ಕಡೆಯೂ ಕಂಟಿನ್ಯೂಯಸ್. ಇಲ್ಲಿಗೇ ನಿಂತು "ಹಾಗಾದರೆ ಡಿಫರೆನ್ಷಿಯಬಲ್ ಕೂಡ" ಎಂದು ಬರೆಯುವವರಿದ್ದಾರೆ. n = 2ರಲ್ಲಿ ಮಾಡಿ ನೋಡಿ: ಎಡಗಡೆ ಫಂಕ್ಷನ್ sin πx, ಅದರ ಇಳಿಜಾರು π. ಬಲಗಡೆ 2 sin πx, ಅದರದು 2π. ಗೆರೆ ಕೂಡಿಕೊಂಡಿದೆ, ಆದರೆ ಮೂಲೆ ಉಳಿದಿದೆ.